ಲೆಕ್ಕ ಮಾಡದೆ ಕೂತ ಸೂತ್ರ

ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಲೆಕ್ಕ ನೋಡಿಕೊಳ್ಳುವ ಹುಡುಗ ಮೊನ್ನೆ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಮನೆಗೆ ಬಂದ. "ಅಣ್ಣಾ, ನಾಳೆ ಬಟವಾಡೆ. ಎಕ್ಸೆಲ್ ಲೆಕ್ಕಾನೇ ಮಾಡ್ತಿಲ್ಲ. ನಾನು ಬರೆದಿದ್ದನ್ನ ಹಾಗೇ ತೋರಿಸ್ತಿದೆ" ಅಂದ.

ನೋಡಿದೆ. ಮೊದಲ ಕಾಲಂನಲ್ಲಿ ಹೆಸರು, ಆಮೇಲೆ ಹದಿನೈದು ದಿನದ ಲೀಟರ್, ದರ, ಬ್ಯಾಂಕ್ ಖಾತೆ ಸಂಖ್ಯೆ, ಕೊನೆಗೆ ಸಹಿ. ಒಟ್ಟು 56 ಜನ. ಖಾತೆ ಸಂಖ್ಯೆಗೂ ಸಹಿಗೂ ನಡುವೆ ಅವನು ‘ಮೊತ್ತ’ ಅಂತ ಹೊಸ ಕಾಲಂ ಸೇರಿಸಿ, ಅದರ ಮೊದಲ ಸಾಲಿನಲ್ಲಿ ಹೀಗೆ ಬರೆದಿದ್ದ:

```
=B2*C2
```

ಆ ಸಾಲಿನಲ್ಲಿದ್ದದ್ದು 86.5 ಲೀಟರ್, ದರ 34 ರೂಪಾಯಿ. 2941 ಅಂತ ಬರಬೇಕಾದ ಕಡೆ `=B2*C2` ಅಂತಲೇ ಕೂತಿತ್ತು. ಸೂತ್ರದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಬರೆದ ಜಾಗದಲ್ಲಿ ತಪ್ಪಿತ್ತು.

ಎಕ್ಸೆಲ್‌ನಲ್ಲಿ ಪ್ರತಿ ಸೆಲ್‌ಗೂ ಒಂದು ಫಾರ್ಮ್ಯಾಟ್ ಇರುತ್ತದೆ. ಅದು Text ಅಂತ ಇದ್ದರೆ, ನಾವು ಏನು ಬರೆದರೂ ಎಕ್ಸೆಲ್ ಅದನ್ನು ಬರೀ ಅಕ್ಷರ ಅಂತ ತಿಳಿದು ಹಾಗೇ ಇಟ್ಟುಕೊಳ್ಳುತ್ತದೆ; ಮುಂದೆ = ಚಿಹ್ನೆ ಇದ್ದರೂ ಅಷ್ಟೇ. ಸರಿ, ಹುಡುಗ Text ಅಂತ ಎಲ್ಲೂ ಆರಿಸಿರಲಿಲ್ಲವಲ್ಲ? ಆರಿಸಿದ್ದ, ಹೋದ ವರ್ಷ, ಖಾತೆ ಸಂಖ್ಯೆಯ ಕಾಲಂಗೆ. ಅದು ಬೇಕಾಗಿದ್ದ ಕೆಲಸವೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ಬರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮುಂದಿನ ಸೊನ್ನೆಗಳೂ ಹಾರಿಹೋಗುತ್ತವೆ. ಹಾಗಾಗಿ ಅದನ್ನು Text ಮಾಡಿಟ್ಟಿದ್ದ. ಆದರೆ ನಡುವೆ ಹೊಸ ಕಾಲಂ ಸೇರಿಸಿದಾಗ ಅದು ಎಡಗಡೆಯ ಕಾಲಂನ ಗುಣವನ್ನೇ ಪಡೆದು ಹುಟ್ಟುತ್ತದೆ. ಮೊತ್ತದ ಕಾಲಂ Text ಆದದ್ದು ಹೀಗೆ.

Home ಟ್ಯಾಬಿನಲ್ಲಿ ಫಾರ್ಮ್ಯಾಟ್ ತೋರಿಸುವ ಪೆಟ್ಟಿಗೆಯಲ್ಲಿ Text ಇದ್ದದ್ದನ್ನು General ಮಾಡಿಸಿದೆ. ಏನೂ ಆಗಲಿಲ್ಲ. ಬಹಳ ಜನ ಇಲ್ಲೇ ಕೈಚೆಲ್ಲುತ್ತಾರೆ. ಒಳಗಿರುವುದು ಅಕ್ಷರವೋ ಸೂತ್ರವೋ ಎಂಬುದನ್ನು ಎಕ್ಸೆಲ್ ತೀರ್ಮಾನಿಸುವುದು ನಾವು Enter ಒತ್ತಿದ ಗಳಿಗೆಯಲ್ಲಿ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಹಳೆಯ ತೀರ್ಮಾನ ತಾನಾಗಿ ಬದಲಾಗದು. ಸೆಲ್ ಮೇಲೆ ನಿಂತು F2 ಒತ್ತಿ, ಮತ್ತೆ Enter ಒತ್ತಬೇಕು. ಒತ್ತಿದ, 2941 ಬಂತು.

ಉಳಿದ 55 ಸಾಲುಗಳಿಗೂ F2 ಒತ್ತುತ್ತಾ ಕೂರಬೇಕಿಲ್ಲ. ಸರಿಯಾದ ಆ ಸೆಲ್‌ನ ಬಲಗಡೆ ಕೆಳಮೂಲೆಯ ಪುಟ್ಟ ಚೌಕವನ್ನು ಹಿಡಿದು ಕೊನೆಯ ಸಾಲಿನವರೆಗೆ ಎಳೆದರೆ ಸೂತ್ರದ ಜೊತೆ General ಕೂಡ ಇಳಿದುಹೋಗುತ್ತದೆ. ಸಾಲಿಗೊಂದು ಬೇರೆ ಸೂತ್ರವಿದ್ದರೆ ಎಳೆಯುವಂತಿಲ್ಲ. ಆಗ ಆ ಕಾಲಂ ಒಂದನ್ನೇ ಆರಿಸಿ General ಮಾಡಿ, Ctrl+H ಒತ್ತಿ, ಎರಡೂ ಖಾನೆಗಳಲ್ಲಿ = ಬರೆದು Replace All ಕೊಡಬೇಕು. = ತೆಗೆದು = ಹಾಕುವುದು ಹುಚ್ಚಾಟದಂತೆ ಕಂಡರೂ, ಎಕ್ಸೆಲ್‌ಗೆ ಅದು ಪ್ರತಿ ಸೆಲ್‌ನಲ್ಲೂ ಹೊಸದಾಗಿ Enter ಒತ್ತಿದ ಹಾಗೆ. ಖಾತೆ ಸಂಖ್ಯೆಯ ಕಾಲಂ ಮಾತ್ರ Text ಆಗಿಯೇ ಇರಲಿ. ಅದನ್ನೂ General ಮಾಡಿ ಮತ್ತೆ Enter ಒತ್ತಿದರೆ ಕೊನೆಯ ಅಂಕಿ ಕಳೆದುಹೋಗುತ್ತದೆ.

ಇದೇ ತೊಂದರೆಗೆ ಬೇರೆ ಕಾರಣಗಳೂ ಇವೆ. ಒಂದು ಕಾಲಂ ಅಲ್ಲ, ಇಡೀ ಹಾಳೆಯೇ ಸೂತ್ರಗಳಿಂದ ತುಂಬಿ ಕಾಲಂಗಳು ಅಗಲವಾಗಿದ್ದರೆ ಅದು Show Formulas. 1ರ ಎಡಗಡೆಯ ಕೀಲಿಯನ್ನು Ctrl ಜೊತೆ ಕೈತಪ್ಪಿ ಒತ್ತಿದ್ದೀರಿ, ಇನ್ನೊಮ್ಮೆ ಒತ್ತಿದರೆ ಸರಿಹೋಗುತ್ತದೆ. ಒಂದೇ ಸೆಲ್ ಹಟ ಹಿಡಿದರೆ ಮೇಲಿನ ಸೂತ್ರದ ಪಟ್ಟಿಯಲ್ಲಿ = ಮುಂದೆ ' ಚಿಹ್ನೆ ಇದೆಯೇ ನೋಡಿ ಅಳಿಸಿ; ಸೆಲ್‌ನೊಳಗೆ ಅದು ಕಾಣುವುದಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಅರ್ಧಂಬರ್ಧ ಸರಿಹೋದ ಕಾಲಂ. SUM ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಮೂರು ಸಾಲು ಅಕ್ಷರವಾಗಿಯೇ ಉಳಿದಿದ್ದರೆ ಮೂವರ ಹಾಲಿನ ದುಡ್ಡು ಒಟ್ಟು ಮೊತ್ತದಿಂದ ಬಿಟ್ಟುಹೋಗುತ್ತದೆ, ದೋಷದ ಸೂಚನೆಯೂ ಬರುವುದಿಲ್ಲ. ಅದಕ್ಕೇ ಹೊರಡುವ ಮುಂಚೆ ಅವನಿಂದ ಕೆಳಗೆ ಇದೊಂದು ಸಾಲು ಬರೆಸಿದೆ:

```
=COUNT(E2:E57)
```

COUNT ಎಣಿಸುವುದು ಸಂಖ್ಯೆಗಳನ್ನು ಮಾತ್ರ. 54 ಅಂತ ತೋರಿಸಿತು. ಹುಡುಕಿದರೆ 31 ಮತ್ತು 40ನೇ ಸಾಲಿನಲ್ಲಿ ದರದ ಜಾಗದಲ್ಲಿ "34 ರೂ" ಅಂತ ಬರೆದಿದ್ದ. ಅಲ್ಲಿ ಮೊತ್ತದ ಬದಲು `#VALUE!` ಇತ್ತು. "ರೂ" ಅಳಿಸಿದ ಮೇಲೆ 56 ಆಯಿತು.