ಜೂನ್ 1ರಂದು ಹುಟ್ಟಿದವರ ವಿಮಾ ವಯಸ್ಸು

ಬೆಳ್ಳೂರು ಕ್ರಾಸ್‌ನಿಂದ ಆದಿಚುಂಚನಗಿರಿಯ ಕಡೆಗಾಗಲಿ, ಕೆ.ಆರ್. ಪೇಟೆಯ ಕಡೆಗಾಗಲಿ ಹೋಗಿ ನಡುವಯಸ್ಸು ದಾಟಿದ ನಾಲ್ಕು ಜನರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆಸಿ ನೋಡಿದರೆ, ಅದರಲ್ಲಿ ಒಬ್ಬರದಾದರೂ ಜೂನ್ 1ರ ಹುಟ್ಟು ಇದ್ದರೆ ಆಶ್ಚರ್ಯವಿಲ್ಲ. ಮಗು ಹುಟ್ಟಿದ್ದು ಸುಗ್ಗಿಯಲ್ಲೋ ದೀಪಾವಳಿಯ ಹಿಂದುಮುಂದೋ ಇರಬಹುದು. ಶಾಲೆ ತೆರೆಯುವುದು ಜೂನ್‌ನಲ್ಲಿ, ಸೇರಿಸಲು ವಯಸ್ಸು ತುಂಬಿರಬೇಕು, ಅಪ್ಪನಿಗೆ ತಾರೀಕು ನೆನಪಿಲ್ಲ. ಮೇಷ್ಟರು ಜೂನ್ 1 ಎಂದು ಬರೆದುಕೊಂಡರು. ಕರ್ನಾಟಕದ ಹಳ್ಳಿಗಳಲ್ಲೆಲ್ಲ ಇದು ನಡೆದಿದೆ. ವಿಮೆಯವರಿಗೆ ಬೇಕಾದದ್ದು ಆ ಅಂಕಪಟ್ಟಿಯ ತಾರೀಕೇ. ಹಾಗಾಗಿ ಮೇಷ್ಟರು ಬರೆದ ಆ ಒಂದು ದಿನದ ಮೇಲೆ ಮುಂದಿನ ಇಪ್ಪತ್ತೈದು ವರ್ಷಗಳ ಕಂತು ನಿಲ್ಲುತ್ತದೆ.

ವಯಸ್ಸನ್ನು ಎಣಿಸುವ ರೀತಿ ಎಲ್ಲ ಪಾಲಿಸಿಗಳಲ್ಲೂ ಒಂದೇ ಅಲ್ಲ. ಒಂದು ಲೆಕ್ಕದಲ್ಲಿ ಕಳೆದ ಹುಟ್ಟುಹಬ್ಬಕ್ಕೆ ಎಷ್ಟು ತುಂಬಿತೋ ಅದೇ ವಯಸ್ಸು. ಇನ್ನೊಂದರಲ್ಲಿ ಹಿಂದಿನ ಮತ್ತು ಮುಂದಿನ ಹುಟ್ಟುಹಬ್ಬಗಳಲ್ಲಿ ಯಾವುದು ಹತ್ತಿರವೋ ಅದರ ವಯಸ್ಸು. ಎಲ್‌ಐಸಿಯೊಂದರಲ್ಲೇ ಎರಡೂ ಇವೆ. ಜೀವನ್ ಆನಂದ್‌ನಂಥ ಉಳಿತಾಯ ಬೆರೆತ ಪಾಲಿಸಿಯ ಗರಿಷ್ಠ ವಯಸ್ಸಿನ ಪಕ್ಕ ‘ಹತ್ತಿರದ ಹುಟ್ಟುಹಬ್ಬ’ ಎಂದಿದ್ದರೆ, ಟೆಕ್ ಟರ್ಮ್‌ನಂಥ ಬರಿಯ ಟರ್ಮ್ ಪಾಲಿಸಿಯಲ್ಲಿ ‘ಕಳೆದ ಹುಟ್ಟುಹಬ್ಬ’ ಎಂದಿತ್ತು. ಅಂಚೆ ಜೀವವಿಮೆ ಹಿಡಿಯುವುದು ಮುಂದಿನ ಹುಟ್ಟುಹಬ್ಬವನ್ನು, ಅಂದರೆ ‘ನಲವತ್ತು ತುಂಬಿ ನಲವತ್ತೊಂದು ನಡೀತಿದೆ’ ಎನ್ನುವಾಗಿನ ಆ ನಲವತ್ತೊಂದನ್ನು.

ಜೂನ್ 1, 1985 ಎಂದು ದಾಖಲೆಯಿರುವ ಪಾಂಡವಪುರ ಸೀಮೆಯ ಒಬ್ಬ ಕಬ್ಬು ಬೆಳೆಗಾರರನ್ನು ಊಹಿಸಿಕೊಳ್ಳೋಣ. ಫೆಬ್ರವರಿ 20, 2026ರಂದು ಅವರು ಪಾಲಿಸಿ ಮಾಡಿಸಲು ಕೂತಿದ್ದಾರೆ. ಆ ದಿನಕ್ಕೆ ಅವರಿಗೆ 40 ವರ್ಷ 8 ತಿಂಗಳು ಚಿಲ್ಲರೆ. ಕಳೆದ ಹುಟ್ಟುಹಬ್ಬದ ಲೆಕ್ಕದಲ್ಲಿ ಅವರಿಗೆ 40. ಹತ್ತಿರದ ಹುಟ್ಟುಹಬ್ಬದ ಲೆಕ್ಕದಲ್ಲಿ ಡಿಸೆಂಬರ್ ಮೊದಲ ದಿನಕ್ಕೇ ಅರ್ಧ ವರ್ಷ ಕಳೆದಿರುವುದರಿಂದ 41.

ಇಷ್ಟನ್ನು ನೋಡಿದ ಯಾರಿಗಾದರೂ ಕಳೆದ ಹುಟ್ಟುಹಬ್ಬದ ಲೆಕ್ಕವೇ ಅಗ್ಗ ಎನಿಸುತ್ತದೆ. ಏಜೆಂಟರಲ್ಲೂ ಹಾಗೆ ಹೇಳುವವರಿದ್ದಾರೆ. ಆದರೆ ದರ ಕಟ್ಟುವ ಗಣಿತಜ್ಞ ಅಷ್ಟು ಸುಲಭಕ್ಕೆ ಮೋಸಹೋಗುವವನಲ್ಲ. ಹತ್ತಿರದ ಲೆಕ್ಕದಲ್ಲಿ ‘40’ ಎಂಬ ಗುಂಪಿಗೆ ಬರುವವರು ಮೂವತ್ತೊಂಬತ್ತೂವರೆಯಿಂದ ನಲವತ್ತೂವರೆಯ ಒಳಗಿನವರು. ಅವರ ಸರಾಸರಿ ಸರಿಯಾಗಿ 40. ಕಳೆದ ಹುಟ್ಟುಹಬ್ಬದ ಲೆಕ್ಕದಲ್ಲಿ ‘40’ ಎಂದರೆ ನಲವತ್ತು ತುಂಬಿ ನಲವತ್ತೊಂದು ಮುಟ್ಟದವರು. ಅವರ ಸರಾಸರಿ ನಲವತ್ತೂವರೆ. ಹೆಸರು ಒಂದೇ ಆದರೂ ಗುಂಪು ಬೇರೆ, ಆದ್ದರಿಂದ ದರವನ್ನೂ ಅರ್ಧ ವರ್ಷ ಮೇಲಿಟ್ಟೇ ಕಟ್ಟುತ್ತಾರೆ.

ಭಾರತದ ವಿಮಾದಾರರ 2012–14ರ ಮರಣ ಕೋಷ್ಟಕದ ಪ್ರಕಾರ 40ರ ವಯಸ್ಸಿನ ಸಾವಿರ ಜನರಲ್ಲಿ ವರ್ಷವೊಂದಕ್ಕೆ ಸುಮಾರು 1.68 ಸಾವು, 41ಕ್ಕೆ ಸುಮಾರು 1.81. ಹತ್ತು ಲಕ್ಷ ರೂಪಾಯಿಯ ವಿಮೆಗೆ ಒಂದು ವರ್ಷದ ಬರಿಯ ಸಾವಿನ ಲೆಕ್ಕ ತೆಗೆದರೆ 1,680 ಮತ್ತು 1,810 ರೂಪಾಯಿ. ನಡುವಿನ ನಲವತ್ತೂವರೆಗೆ 1,745 ಎಂದಿಟ್ಟುಕೊಳ್ಳಿ. ನಮ್ಮ ಬೆಳೆಗಾರರು ಫೆಬ್ರವರಿಯಲ್ಲಿ ಹತ್ತಿರದ ಲೆಕ್ಕದವರ ಬಳಿ ಹೋದರೆ 1,810, ಕಳೆದ ಹುಟ್ಟುಹಬ್ಬದವರ ಬಳಿ ಹೋದರೆ 1,745. ಅಲ್ಲಿ 65 ರೂಪಾಯಿ ಉಳಿಯಿತು. ಆದರೆ ಅದೇ ಮನುಷ್ಯ ಹಿಂದಿನ ಆಗಸ್ಟ್‌ನಲ್ಲೇ ಹೋಗಿದ್ದರೆ ಹತ್ತಿರದವರು 1,680 ಕೇಳುತ್ತಿದ್ದರು, ಕಳೆದ ಹುಟ್ಟುಹಬ್ಬದವರು ಆಗಲೂ 1,745. ಉಳಿದೆಲ್ಲವೂ ಸಮ ಎಂದಾದರೆ, ಹುಟ್ಟುಹಬ್ಬದ ನಂತರದ ಆರು ತಿಂಗಳು ಹತ್ತಿರದ ಲೆಕ್ಕ ಲಾಭ, ಅದಾದ ಆರು ತಿಂಗಳು ಕಳೆದ ಹುಟ್ಟುಹಬ್ಬದ ಲೆಕ್ಕ ಲಾಭ. ಅಂಚೆಯವರ 41 ಮತ್ತು ಕಳೆದ ಹುಟ್ಟುಹಬ್ಬದವರ 40 ಒಂದೇ ಗುಂಪು. ಅಂಚೆಯವರು ವಯಸ್ಸು ಹೆಚ್ಚು ಹಿಡಿದರು ಎಂದು ಬೇಸರಪಡಬೇಕಿಲ್ಲ.

ಈ ಲೆಕ್ಕದ ಹಿಂದೆ ಒಂದು ನಂಬಿಕೆಯಿದೆ: ಗಿರಾಕಿಗಳ ಹುಟ್ಟಿದ ದಿನ ವರ್ಷದುದ್ದಕ್ಕೂ ಸಮನಾಗಿ ಹರಡಿದೆ ಎಂಬುದು. ಜೂನ್ 1ರವರೇ ಗುಂಪುಗುಂಪಾಗಿ ಇರುವ ಕಡೆ, ಅದರಲ್ಲೂ ತೆರಿಗೆ ಉಳಿಸಲು ಮಾರ್ಚ್‌ನಲ್ಲಿ ಮುಗಿಬಿದ್ದು ಪಾಲಿಸಿ ಮಾಡಿಸುವ ನಮ್ಮ ಜನರ ನಡುವೆ, ‘40’ ಎಂದು ಬರೆಸಿಕೊಂಡವರ ಸರಾಸರಿ ನಲವತ್ತೂವರೆಯಲ್ಲ, ನಲವತ್ತು ಮುಕ್ಕಾಲು. ಮೇಷ್ಟರ ಪೆನ್ನು ಗಣಿತಜ್ಞನ ಕೋಷ್ಟಕವನ್ನು ಕಾಲು ವರ್ಷ ಸರಿಸಿದಂತಾಯಿತು.

ಹತ್ತಿರದ ಲೆಕ್ಕದ ಪಾಲಿಸಿಯನ್ನು ಫೆಬ್ರವರಿಯಲ್ಲಿ ಮಾಡಿಸಲೇಬೇಕಾದವರಿಗೆ ಏಜೆಂಟರು ಸೂಚಿಸುವ ಉಪಾಯ ಬ್ಯಾಕ್‌ಡೇಟಿಂಗ್, ಅಂದರೆ ಪಾಲಿಸಿ ಶುರುವಾದ ತಾರೀಕನ್ನು ಅದೇ ಹಣಕಾಸು ವರ್ಷದೊಳಗೆ ಹಿಂದಕ್ಕೆ ಹಾಕಿಸುವುದು. ಎಲ್ಲ ಪಾಲಿಸಿಗಳಲ್ಲೂ ಇದಕ್ಕೆ ಅವಕಾಶವಿಲ್ಲ. ಇದ್ದಲ್ಲಿ ಬಡ್ಡಿಯನ್ನೂ ಕೇಳಬಹುದು. ನಮ್ಮ ಬೆಳೆಗಾರರು ತಾರೀಕನ್ನು ನವೆಂಬರ್ 28ಕ್ಕೆ ಹಾಕಿಸಿದರೆ ವಯಸ್ಸು 41ರಿಂದ 40ಕ್ಕೆ ಇಳಿಯುತ್ತದೆ. 40ಕ್ಕೆ ವರ್ಷದ ಕಂತು 20,000, 41ಕ್ಕೆ 21,200 ಎಂದು ಲೆಕ್ಕಕ್ಕಾಗಿ ಹಿಡಿಯೋಣ. ವರ್ಷಕ್ಕೆ 1,200 ಉಳಿಯಿತು. ಆದರೆ ಮುಂದಿನ ಕಂತು ಫೆಬ್ರವರಿಯ ಬದಲು ನವೆಂಬರ್‌ನಲ್ಲೇ ಬರುತ್ತದೆ. ನವೆಂಬರ್ 28ರಿಂದ ಫೆಬ್ರವರಿ 20ರವರೆಗಿನ 84 ದಿನ ಅವರಿಗೆ ವಿಮೆ ಇರಲೇ ಇಲ್ಲ, ಹಣ ಮಾತ್ರ ಕೊಟ್ಟಾಯಿತು. 20,000ದಲ್ಲಿ 84 ದಿನದ ಪಾಲು ಸುಮಾರು 4,600. ಅದು ವಾಪಸು ಬರಲು ನಾಲ್ಕು ವರ್ಷ ಬೇಕು, ಬಡ್ಡಿ ಸೇರಿದರೆ ಇನ್ನಷ್ಟು. ಇಪ್ಪತ್ತೈದು ವರ್ಷ ಕಟ್ಟುವವರಿಗೆ ಇದು ಲಾಭವೇ.

ಉಳಿತಾಯ ಬೆರೆತ ಪಾಲಿಸಿಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ಕಂತಿನ ಬಹುಪಾಲು ಹೋಗುವುದು ಕೊನೆಗೆ ಕೈಸೇರುವ ಮೊತ್ತಕ್ಕೆ, ಸಾವಿನ ಲೆಕ್ಕಕ್ಕೆ ಹೋಗುವುದು ಚೂರು. ಹಾಗಾಗಿ ವಯಸ್ಸು ಒಂದು ವರ್ಷ ಹೆಚ್ಚಾದರೂ ಕಂತು ಅಷ್ಟಾಗಿ ಅಲುಗಾಡುವುದಿಲ್ಲ. 20,000ದ ಕಂತಿನಲ್ಲಿ ಉಳಿಯುವುದು 100 ರೂಪಾಯಿ ಎಂದಾದರೆ 4,600ನ್ನು ಹಿಂದಕ್ಕೆ ಪಡೆಯಲು ಒಂದು ಆಯುಸ್ಸೇ ಬೇಕು. ಮೆಚ್ಯೂರಿಟಿಯೂ 84 ದಿನ ಮೊದಲೇ ಬರುವುದರಿಂದ ಹಣವೆಲ್ಲ ನೀರಿಗೆ ಹೋಯಿತು ಎನ್ನಲಾಗದು, ಆದರೆ ವಯಸ್ಸು ಇಳಿಸುವುದಕ್ಕೆಂದೇ ಹಿಂದಕ್ಕೆ ಹಾಕಿಸುವುದರಲ್ಲಿ ಅರ್ಥವಿಲ್ಲ. ‘ಸಾರ್, ಒಂದು ವಯಸ್ಸು ಕಮ್ಮಿ ಮಾಡಿಸಿಕೊಡ್ತೀನಿ’ ಎಂದವರನ್ನು ಎರಡೂ ವಯಸ್ಸಿನ ಕಂತನ್ನು ಪಕ್ಕಪಕ್ಕ ಬರೆದು ತೋರಿಸಲು ಕೇಳಬೇಕು.

ತಾರೀಕನ್ನೇ ಬದಲಿಸಿಬಿಡೋಣ ಎಂಬ ಯೋಚನೆ ಕೆಲವರಿಗೆ ಬರುತ್ತದೆ. ನಿಜವಾಗಿ ಹುಟ್ಟಿದ್ದು ಅಕ್ಟೋಬರ್‌ನಲ್ಲಿ, ಜಾತಕವಿದೆ ಎಂದು. ಜಾತಕವನ್ನು ಎರಡನೆಯ ದರ್ಜೆಯ ದಾಖಲೆಯಾಗಿ ನೋಡುತ್ತಾರೆ, ಅದಕ್ಕೆ ಹೆಚ್ಚುವರಿ ಹಣವೋ ಷರತ್ತೋ ಬೀಳಬಹುದು. ಅಂಕಪಟ್ಟಿ, ಆಧಾರ್, ಪಾಲಿಸಿ ಮೂರರಲ್ಲೂ ಒಂದೇ ತಾರೀಕು ಇರುವುದು ಮುಖ್ಯ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ಕಳೆದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಆದರೆ ವಯಸ್ಸಿನ ದಾಖಲೆಯನ್ನು ಯಾವಾಗ ಬೇಕಾದರೂ ಕೇಳಲು, ತಪ್ಪಿದ್ದರೆ ಷರತ್ತುಗಳನ್ನು ಸರಿಹೊಂದಿಸಲು ಅದೇ ಕಲಂ ಬಾಗಿಲು ತೆರೆದಿಟ್ಟಿದೆ.

ಕಂತೇ ಬದಲಾಗದ ಕಡೆಯೂ ಈ ಎಣಿಕೆ ಕೆಲಸ ಮಾಡುತ್ತದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯಲ್ಲಿ ಎಲ್ಲ ವಯಸ್ಸಿನವರಿಗೂ ದರ ಒಂದೇ. ಅದರ ವರ್ಷ ಶುರುವಾಗುವುದೂ ಜೂನ್ 1ಕ್ಕೇ. ಮುಗಿಯುವುದು 55ಕ್ಕೆ, ಅದೂ ಹತ್ತಿರದ ಹುಟ್ಟುಹಬ್ಬದ ಲೆಕ್ಕದಲ್ಲಿ. ಜೂನ್ 1ರ ಹುಟ್ಟಿನವರಿಗೆ ಗೊಂದಲವಿಲ್ಲ, ನವೀಕರಣದ ದಿನವೇ 55 ತುಂಬುತ್ತದೆ. ಅಕ್ಟೋಬರ್‌ನಲ್ಲಿ ಹುಟ್ಟಿದವರಿಗೆ ಆ ಜೂನ್ 1ರಂದು ತುಂಬಿರುವುದು 54 ವರ್ಷ ಏಳೆಂಟು ತಿಂಗಳಾದರೂ ಹತ್ತಿರದ ವಯಸ್ಸು 55 ಆಗಿರುತ್ತದೆ; ನಿಜವಾದ ಹುಟ್ಟುಹಬ್ಬಕ್ಕೆ ಇನ್ನೂ ತಿಂಗಳುಗಳಿರುವಾಗಲೇ ವಿಮೆ ನಿಂತಿರಬಹುದು. 54ರ ಆಸುಪಾಸಿನವರು ಮೇ ಕೊನೆಯ ವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆ 436 ಕಡಿತವಾಗಿದೆಯೇ ಎಂದು ನೋಡಿಕೊಳ್ಳಬೇಕು. ಆಗಿರದಿದ್ದರೆ ಬೇರೆ ಪಾಲಿಸಿಯ ವಿಚಾರವನ್ನು ಆ ವಾರವೇ ಬ್ಯಾಂಕಿನಲ್ಲಿ ಕೇಳಬೇಕು.