401(ಕೆ) ಖಾತೆಯಲ್ಲಿ ಕೆಲಸಕ್ಕೆ ಸೇರಿದ ತಾರೀಖು ತಪ್ಪಿದ್ದರೆ

ಅಮೆರಿಕದಲ್ಲಿ ಕಂಪನಿ ಬಿಡುವವರ ಲೆಕ್ಕ ನೋಡುವಾಗ ನಾನು ಮೊದಲು ಕೇಳೋದು ಒಂದೇ: 401(ಕೆ) ಖಾತೆಯಲ್ಲಿ ನೀವು ಸೇರಿದ ತಾರೀಖು ಏನಂತ ಇದೆ?

ಪರಿಚಯದ ಒಬ್ಬರು 2021ರ ಜೂನ್ 14ಕ್ಕೆ ಕೆಲಸಕ್ಕೆ ಸೇರಿದ್ದರು. ಖಾತೆಯಲ್ಲಿ ಮಾತ್ರ 2022ರ ಜನವರಿ 3 ಅಂತ ಇತ್ತು. ಆ ದಿನ ಕಂಪನಿಯ ಪೇರೋಲ್ ಹೊಸ ಸಾಫ್ಟ್‌ವೇರಿಗೆ ಹೋಗಿತ್ತು. ಹಳಬರೆಲ್ಲ ಅವತ್ತೇ ಸೇರಿದವರಂತೆ ದಾಖಲಾಗಿಬಿಟ್ಟಿದ್ದರು. ಸಂಬಳದಲ್ಲಿ ಕಡಿತವಾದ ದುಡ್ಡು ಮೊದಲ ದಿನದಿಂದಲೇ ನಮ್ಮದು, ಅದಕ್ಕೇನೂ ಆಗದು. ಕಂಪನಿ ಹಾಕುವ ಪಾಲು ಹಾಗಲ್ಲ. ಅವರ ಪ್ಲಾನಿನಲ್ಲಿ ಅದು ಕೈಗೆ ಬರಲು ಮೂರು ವರ್ಷ ಪೂರ್ತಿಯಾಗಬೇಕಿತ್ತು. ಇದಕ್ಕೇ ವೆಸ್ಟಿಂಗ್ ಅನ್ನೋದು. 2024ರ ಜೂನ್ 28ಕ್ಕೆ ಕೆಲಸ ಬಿಟ್ಟಾಗ ನಿಜಕ್ಕೂ ಮೂರು ವರ್ಷ ದಾಟಿತ್ತು, ದಾಖಲೆಯಲ್ಲಿ ಎರಡೂವರೆಯೂ ತುಂಬಿರಲಿಲ್ಲ. ಕಂಪನಿಯ ಪಾಲಿನ 9,000 ಡಾಲರ್ ಎದುರಿಗೆ ‘ವೆಸ್ಟೆಡ್ 0%’ ಅಂತ ಕಾಣುತ್ತಿತ್ತು.

ಅವರು ಮೊದಲು ಫೋನ್ ಮಾಡಿದ್ದು ಖಾತೆ ನಡೆಸುವ ಹಣಕಾಸು ಸಂಸ್ಥೆಗೆ. ಅಲ್ಲಿ ಕೆಲಸ ಆಗಲಿಲ್ಲ, ಆಗುವುದೂ ಕಷ್ಟ. ಆ ಸಂಸ್ಥೆ ಇಟ್ಟುಕೊಳ್ಳೋದು ಕಂಪನಿಯ ಪೇರೋಲ್ ಕಳಿಸಿದ ತಾರೀಖನ್ನೇ. ಅಲ್ಲಿ ಯಾರೋ ತಿದ್ದಿದರೂ ಮುಂದಿನ ಪೇರೋಲ್ ಫೈಲಿನ ಜೊತೆ ಹಳೇ ತಪ್ಪು ಮತ್ತೆ ಬಂದು ಕೂರಬಹುದು. ಹಾಗಾಗಿ ಪತ್ರ ಪೇರೋಲ್ ವಿಭಾಗಕ್ಕೇ ಹೋಗಬೇಕು. ಇಂಗ್ಲಿಷಿನಲ್ಲಿ ಬರೆದ ಆ ಪತ್ರದ ಒಕ್ಕಣೆ ಇಷ್ಟೇ:

“ನನ್ನ ಉದ್ಯೋಗಿ ಸಂಖ್ಯೆ ಇದು. ನಾನು ಕೆಲಸಕ್ಕೆ ಸೇರಿದ್ದು 2021ರ ಜೂನ್ 14. 401(ಕೆ) ದಾಖಲೆಯಲ್ಲಿ 2022ರ ಜನವರಿ 3 ಎಂದಿದೆ. ದಯವಿಟ್ಟು ಪೇರೋಲ್‌ನಲ್ಲೂ ಪ್ಲಾನ್ ದಾಖಲೆಯಲ್ಲೂ ತಾರೀಖು ಸರಿಪಡಿಸಿ, ವೆಸ್ಟಿಂಗ್ ಮರುಲೆಕ್ಕ ಮಾಡಿಸಿ, ಆಗಿದೆಯೆಂದು ಲಿಖಿತವಾಗಿ ತಿಳಿಸಿ. ಮೊದಲ ಪೇ ಸ್ಟಬ್ ಮತ್ತು 2021ರ ಡಬ್ಲ್ಯೂ-2 ಲಗತ್ತಿಸಿದ್ದೇನೆ. ನಿಮ್ಮಲ್ಲಿರುವ ನನ್ನ ಐ-9 ಫಾರಂನಲ್ಲೂ ಕೆಲಸದ ಮೊದಲ ದಿನ ನಮೂದಾಗಿದೆ.”

ಆಫರ್ ಲೆಟರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದರಲ್ಲಿರೋದು ಸೇರಬೇಕಾದ ದಿನ. ಸೇರಿದ್ದಕ್ಕೆ ಸಾಕ್ಷಿ ಪೇ ಸ್ಟಬ್. ಐ-9 ಹೆಸರೆತ್ತಿದ್ದು ಯಾಕೆಂದರೆ, ಮೊದಲ ದಿನವನ್ನು ಅದರಲ್ಲಿ ಬರೆದು ಸಹಿ ಹಾಕಿದ್ದು ಕಂಪನಿಯವರೇ. ಇನ್ನು, ಇಮೇಲ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಹಾಕೋದು ಬೇಡ, ಲಗತ್ತುಗಳಲ್ಲೂ ಮುಚ್ಚಿಬಿಡಿ.

ಪತ್ರ ಬರೆಯುವ ಮುಂಚೆ ‘ಸಮ್ಮರಿ ಪ್ಲಾನ್ ಡಿಸ್ಕ್ರಿಪ್ಶನ್’ ತರಿಸಿ ಓದಿ. ಕೆಲವು ಪ್ಲಾನ್‌ಗಳು ಸೇರಿದ ದಿನದಿಂದ ಎಣಿಸದೆ, ವರ್ಷಕ್ಕೆ 1,000 ಗಂಟೆ ಕೆಲಸ ಆಗಿದೆಯಾ ಅಂತ ನೋಡುತ್ತವೆ. ಆಗ ಕೇಳುವ ಮಾತೂ ಬದಲಾಗುತ್ತೆ, 2021ರ ಗಂಟೆಗಳನ್ನು ಸೇರಿಸಿ ಅನ್ನಬೇಕು.

ಕೆಲಸ ಬಿಟ್ಟವರು ತಿದ್ದುಪಡಿ ಮುಗಿಯುವವರೆಗೆ ಖಾತೆಯಿಂದ ದುಡ್ಡು ತೆಗೆಯಬೇಡಿ, ಬೇರೆಡೆಗೆ ವರ್ಗಾಯಿಸಲೂ ಬೇಡಿ. ಎಷ್ಟೋ ಪ್ಲಾನ್‌ಗಳಲ್ಲಿ ನಮ್ಮ ಪಾಲು ಹೊರಬಿದ್ದ ಕೂಡಲೇ ವೆಸ್ಟ್ ಆಗದ ಪಾಲು ನಮ್ಮ ಕೈತಪ್ಪುತ್ತೆ. ಆಮೇಲೂ ಕೇಳಬಹುದು, ಆದರೆ ಓಡಾಟ ಜಾಸ್ತಿ. ಪೇರೋಲ್‌ನವರು ಉತ್ತರವನ್ನೇ ಕೊಡದಿದ್ದರೆ ಅದೇ ಪುಸ್ತಿಕೆಯಲ್ಲಿರುವ ಕ್ಲೇಮ್ ವಿಧಾನದಂತೆ ಪ್ಲಾನ್ ಅಡ್ಮಿನಿಸ್ಟ್ರೇಟರ್‌ಗೆ ಬರೆಯಿರಿ. ಸಾಮಾನ್ಯವಾಗಿ ಅವರು 90 ದಿನದೊಳಗೆ ತೀರ್ಮಾನ ಹೇಳಬೇಕು. ಇಲ್ಲ ಅಂದರೆ ಮೇಲ್ಮನವಿಗೆ ನಿಮಗೆ ಕನಿಷ್ಠ 60 ದಿನ ಇರುತ್ತೆ.