ಬೋರ್ಡು, ರ‍್ಯಾಮು, ಪ್ರೊಸೆಸರ್: ಮೂರೂ ಬದಲಿಸಬೇಕು ಅಂದ್ರೆ ಅಂಗಡಿಯವ್ರು ಟೋಪಿ ಹಾಕ್ತಿದಾರಾ?

ಹರಿಹರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಮೊನ್ನೆ ಸಿಟ್ಟಿನಲ್ಲಿದ್ದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚೂಕಡಿಮೆ 8ನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ಇವನದು i3-4130, ಅಂದರೆ 4ನೇ ತಲೆಮಾರು. "ಪ್ರೊಸೆಸರ್ ಒಂದೇ ಹಾಕಿಕೊಡಿ" ಅಂತ ದಾವಣಗೆರೆಗೆ ಸಿಪಿಯು ಹೊತ್ತುಕೊಂಡು ಹೋದರೆ, "ಮೂರೂ ಹೋಗ್ಬೇಕು ಸಾರ್" ಅಂದರಂತೆ.

ಇವನ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ನಿಜ. H81 ಬೋರ್ಡಿನ ಸಾಕೆಟ್‌ನಲ್ಲಿ 1150 ಪಿನ್. 8ನೇ ತಲೆಮಾರಿನ ಚಿಪ್ ಅದರೊಳಗೆ ಕೂರುವುದೇ ಇಲ್ಲ. ಹಾಗಾಗಿ ಬೋರ್ಡ್ ಹೋಯಿತು. ಹೊಸ ಬೋರ್ಡಿನ ರ‍್ಯಾಮ್ ಸ್ಲಾಟ್ ಡಿಡಿಆರ್4 ಅಥವಾ ಡಿಡಿಆರ್5. ಹಳೆಯ ಡಿಡಿಆರ್3 ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ. ಹಾಗಾಗಿ ರ‍್ಯಾಮೂ ಹೋಯಿತು.

ಆದರೆ ಇದೇ ಮಾತನ್ನು ಎಲ್ಲರಿಗೂ ಹೇಳಿದರೆ ಅದು ಮೋಸ. ಪಕ್ಕದ ಅಂಗಡಿಯವನ ಹತ್ತಿರ i3-6100, H110 ಬೋರ್ಡ್, 8 ಜಿಬಿ ಡಿಡಿಆರ್4 ಇದೆ ಅಂದುಕೊಳ್ಳಿ. ಇಲ್ಲೊಂದು ಇಂಟೆಲ್ ಕಿತಾಪತಿ ಇದೆ: 6ನೇ ತಲೆಮಾರಿಗೂ 8ನೇದಕ್ಕೂ ಪಿನ್ ಎಣಿಕೆ ಒಂದೇ, 1151. ಚಿಪ್ ಒಳಗೆ ಕೂರುತ್ತೆ, ಕಂಪ್ಯೂಟರ್ ಮಾತ್ರ ಆನ್ ಆಗಲ್ಲ. ಆದ್ದರಿಂದ ಬೋರ್ಡ್ ಬದಲಿಸಲೇಬೇಕು. ರ‍್ಯಾಮ್ ಬದಲಿಸಬೇಕಿಲ್ಲ. i3-12100ಗೆ ಹೋದರೂ, H610 ಬೋರ್ಡ್ ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಬರುತ್ತೆ. "ಡಿಡಿಆರ್4ದೇ ಕೊಡಿ" ಅಂತ ಬಾಯಿಬಿಟ್ಟು ಕೇಳಬೇಕು ಅಷ್ಟೇ. ಕೂಲರ್ ಮಾತ್ರ ಹಳೆಯದು ಹಿಡಿಯಲ್ಲ, ಹೊಸ ಚಿಪ್ಪಿನ ಡಬ್ಬಿಯಲ್ಲಿ ಬಂದದ್ದನ್ನೇ ಹಾಕಬೇಕು.

ಎಎಂಡಿಯವರು ಈ ವಿಷಯದಲ್ಲಿ ಸ್ವಲ್ಪ ಮರ್ಯಾದಸ್ಥರು. ರೈಜೆನ್ 1200 ಇರುವ B450 ಬೋರ್ಡಿಗೆ, ಹಳೆ ಚಿಪ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಂಡರೆ, ರೈಜೆನ್ 5600 ಕೂರುತ್ತೆ. ಅಲ್ಲಿ ನಿಜಕ್ಕೂ ಪ್ರೊಸೆಸರ್ ಒಂದೇ ಸಾಕು. 7000 ಸರಣಿಗೆ ಹೋದರೆ ಮತ್ತೆ ಮೂರೂ ಬದಲಿಸಬೇಕು, ಯಾಕಂದ್ರೆ ಆ ಸಾಕೆಟ್‌ಗೆ ಡಿಡಿಆರ್5 ಮಾತ್ರ.

ಅಂಗಡಿಗೆ ಹೋಗೋ ಮೊದಲು ಮನೆಯಲ್ಲೇ ನೋಡಿಕೊಳ್ಳಿ. `msinfo32` ಅಂತ ಟೈಪ್ ಮಾಡಿದರೆ Processor, BaseBoard Product ಎರಡೂ ಕಾಣುತ್ತೆ. ಟಾಸ್ಕ್ ಮ್ಯಾನೇಜರ್‌ನ Memory ಪುಟದಲ್ಲಿ Speed 1333 ಅಥವಾ 1600 ಇದ್ದರೆ ಸಾಮಾನ್ಯವಾಗಿ ಡಿಡಿಆರ್3, 2133ರಿಂದ 3200 ಇದ್ದರೆ ಡಿಡಿಆರ್4. ಆಮೇಲೆ ಬೋರ್ಡ್ ಕಂಪನಿಯ ಸೈಟಿನಲ್ಲಿ ಆ ಮಾಡೆಲ್‌ನ ಸಿಪಿಯು ಪಟ್ಟಿ ತೆಗೆಯಿರಿ. ನಿಮಗೆ ಬೇಕಾದ ಚಿಪ್ ಪಟ್ಟಿಯಲ್ಲಿಲ್ಲ ಅಂದರೆ ಪಿನ್ ಎಣಿಸಿ ಪ್ರಯೋಜನವಿಲ್ಲ.

ಗೆಳೆಯನ ಹಳೆ ಮಷಿನ್ ಕೆಟ್ಟಿಲ್ಲ ಅನ್ನೋದೇ ಇಲ್ಲಿ ಹೊಟ್ಟೆ ಉರಿಸೋ ಸಂಗತಿ. ಲಿನಕ್ಸ್ ಹಾಕಿದರೆ ಬಿಲ್ಲಿಂಗ್‌ಗೆ ಇನ್ನೂ ಓಡುತ್ತೆ. ಪೇಜ್‌ಮೇಕರ್ ಕೆಲಸಕ್ಕೆ ಮಾತ್ರ ವಿಂಡೋಸ್ ಬೇಕು. ಕೊನೆಗೆ ಮೂರೂ ತಗೊಂಡ. ಮಷಿನ್ ಜೊತೆಗೇ ಬಂದಿದ್ದ ವಿಂಡೋಸ್ ಲೈಸೆನ್ಸ್ ಹಳೆ ಬೋರ್ಡಿಗೇ ಅಂಟಿಕೊಂಡಿತ್ತು, ಅದನ್ನೂ ಹೊಸದಾಗಿ ಕೊಳ್ಳಬೇಕಾಯಿತು.